ಖಾಲಿ ಜಾಗ ಎಲ್ಲಿ ಬಿಡಬೇಕು? ಕನ್ನಡ ಮಕ್ಕಳ ಹಿಂದಿ ಅಕ್ಷರದ ಹಾಳೆಗಳ ಬಗ್ಗೆ

(ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಹಿಂದಿ ಟೀಚರ್‌ಗಳು ಮತ್ತು ಪೋಷಕರ ಎದುರು ಆಡಿದ ಮಾತಿನ ಬರಹ ರೂಪ. ಅಲ್ಲಿ ಹಲಗೆಯ ಮೇಲೆ ದೇವನಾಗರಿಯಲ್ಲಿ ಬರೆದು ತೋರಿಸಿದ್ದನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಹಿಂದಿಯಲ್ಲಿ ಬರೆಯುವ ರೂಪವನ್ನು ತೋರಿಸುವಾಗ ಅಕ್ಷರಗಳ ನಡುವೆ ಗೆರೆ ಇದೆ: ಕ-ಮ-ಲ. ಕಿವಿಗೆ ಕೇಳುವ ರೂಪಕ್ಕೆ ಗೆರೆ ಇಲ್ಲ: ಕಮಲ್.)

ಎಲ್ಲರಿಗೂ ನಮಸ್ಕಾರ. ಮೊದಲು ಹಲಗೆಯ ಮೇಲೆ ಒಂದು ಖಾಲಿ ಜಾಗ ಬರೆಯುತ್ತೇನೆ, ನೀವು ತುಂಬಿ. ಕ, ಆಮೇಲೆ ಖಾಲಿ, ಆಮೇಲೆ ಮ.

ನೋಡಿ, ಈ ಬದಿಯಿಂದ ಕಲಮ್ ಅಂತ ಬಂತು. ಹಿಂದಿನ ಬೆಂಚಿನಿಂದ ಕದಮ್ ಅಂತ ಬಂತು. ಯಾರೋ ಕಸಮ್ ಅಂದರು. ಪೆನ್ನು, ಹೆಜ್ಜೆ, ಆಣೆ. ಮೂರೂ ಸರಿ, ಮೂರೂ ದಿನಬಳಕೆಯ ಮಾತು. ಆದರೆ ಈ ಥರದ ಹಾಳೆಯ ಹಿಂದೆ ಉತ್ತರ ಅಂತ ಒಂದೇ ಮಾತು ಇರುತ್ತದೆ, ಕಲಮ್. ಕಸಮ್ ಅಂತ ಬರೆದ ಹುಡುಗಿಗೆ ಕೆಂಪು ಗೆರೆ ಬೀಳುತ್ತದೆ. ಅವಳಿಗೆ ಹಿಂದಿ ಜಾಸ್ತಿ ಗೊತ್ತಿದ್ದದ್ದೇ ತಪ್ಪಾಯಿತು.

ಬಿಟ್ಟ ಅಕ್ಷರ ತುಂಬಿಸುವ ಹಾಳೆ ಮಾಡುವುದು ಸುಲಭ ಅಂತ ಎಲ್ಲರಿಗೂ ಅನಿಸುತ್ತದೆ. ಒಂದು ಮಾತು ಬರೆಯುವುದು, ಯಾವುದೋ ಒಂದು ಅಕ್ಷರ ಅಳಿಸುವುದು, ಫೋಟೋಕಾಪಿ ತೆಗೆಯುವುದು. ಆದರೆ ಯಾವ ಅಕ್ಷರವನ್ನು ಅಳಿಸುತ್ತೀರಿ ಅನ್ನುವುದರಲ್ಲೇ ಇಡೀ ಪಾಠ ಇದೆ. ನಮ್ಮ ಮಕ್ಕಳಿಗೆ ಹಿಂದಿ ಶುರುವಾಗುವುದು ಐದನೇ ಕ್ಲಾಸಿನಲ್ಲಿ. ಅಷ್ಟರಲ್ಲಿ ಕನ್ನಡದ ಕಾಗುಣಿತ ಅವರ ಕೈಗೆ ಕೂತಿರುತ್ತದೆ. ಕ, ಮ, ತ ಇಂಥ ಅಕ್ಷರಗಳ ಸದ್ದನ್ನು ಅವರಿಗೆ ಹೊಸದಾಗಿ ಹೇಳಿಕೊಡಬೇಕಿಲ್ಲ, ದೇವನಾಗರಿಯಲ್ಲಿ ಆಕಾರ ಬೇರೆ ಅಷ್ಟೇ. ಹಾಗಾಗಿ ಖಾಲಿ ಜಾಗ ಇರಬೇಕಾದದ್ದು ಕನ್ನಡದ ಅಭ್ಯಾಸ ಅಥವಾ ಕಿವಿ ಮಗುವಿಗೆ ತಪ್ಪು ದಾರಿ ತೋರಿಸುವ ಕಡೆಯಲ್ಲಿ. ಅಂಥ ಎರಡು ಜಾಗಗಳ ಬಗ್ಗೆ ಇವತ್ತು ಮಾತಾಡುತ್ತೇನೆ. ಆದರೆ ಅದಕ್ಕೂ ಮೊದಲು ಈ ಕಲಮ್ ಕಥೆಯನ್ನು ಮುಗಿಸೋಣ.

ಪರೀಕ್ಷೆ ಸರಳ. ಖಾಲಿ ಜಾಗ ಇಟ್ಟ ಮೇಲೆ ವರ್ಣಮಾಲೆಯನ್ನು ಕ ದಿಂದ ಹ ವರೆಗೆ ಆ ಜಾಗದಲ್ಲಿ ಓಡಿಸಿ ನೋಡಿ. ಒಂದು ನಿಮಿಷ ಸಾಕು. ಖಾಲಿ, ಆಮೇಲೆ ಲ, ಇಷ್ಟೇ ಕೊಟ್ಟರೆ ಕಲ್, ಜಲ್, ದಲ್, ನಲ್, ಪಲ್, ಫಲ್, ಬಲ್, ಹಲ್ ಎಲ್ಲವೂ ಬರುತ್ತವೆ. ಎರಡು ಅಕ್ಷರದ ಮಾತಿಗೆ ಖಾಲಿ ಜಾಗ ಇಡಲೇಬೇಡಿ, ಪಕ್ಕದಲ್ಲಿ ಚಿತ್ರ ಇಲ್ಲದಿದ್ದರೆ. ಮೂರು ಅಕ್ಷರದ್ದೂ ಕಷ್ಟವೇ. ರಸ್ತೆಗೆ ಹಿಂದಿಯಲ್ಲಿ ಸಡಕ್, ಎಲ್ಲ ಹಾಳೆಗಳಲ್ಲೂ ಇರುವ ಮಾತು. ನಡುವಿನ ಅಕ್ಷರ ತೆಗೆದರೆ ಸಡಕ್ ಬರುತ್ತದೆ, ಪಾಠ ಅನ್ನುವ ಸಬಕ್ ಬರುತ್ತದೆ, ಹುಚ್ಚಾಟ ಅನ್ನುವ ಸನಕ್ ಬರುತ್ತದೆ. ಮೊದಲಿನದು ತೆಗೆದರೆ ಸಡಕ್ ಜೊತೆಗೆ ಕಡಕ್ ಇದೆ. ಕೊನೆಯದು ತೆಗೆದರೆ ಸಡನ್, ಅಂದರೆ ಕೊಳೆಯುವುದು, ಅದೂ ಇದೆ. ಅಂದರೆ ಈ ಮಾತಿನಲ್ಲಿ ಎಲ್ಲಿ ಖಾಲಿ ಬಿಟ್ಟರೂ ಎರಡನೇ ಉತ್ತರ ಕಾಯುತ್ತಿರುತ್ತದೆ. ಇಂಥದಕ್ಕೆ ಒಂದು ರಸ್ತೆಯ ಚಿತ್ರ ಬೇಕೇ ಬೇಕು. ಹಲಸಿಗೆ ಕಟ್‌ಹಲ್ ಅನ್ನುತ್ತಾರೆ, ಬರೆಯುವುದು ಕ-ಟ-ಹ-ಲ. ಅದರಲ್ಲಿ ಎರಡನೇ ಅಕ್ಷರ ಅಳಿಸಿ ನೋಡಿ, ಮಗುವಿಗೆ ಗೊತ್ತಿರುವ ಬೇರೆ ಮಾತು ಅಲ್ಲಿ ಕೂರುವುದಿಲ್ಲ. ಮಾತು ಉದ್ದವಾದಷ್ಟೂ ಖಾಲಿ ಜಾಗ ಗಟ್ಟಿಯಾಗುತ್ತದೆ.

ಸರಿ, ಈಗ ಮೊದಲ ಜಾಗಕ್ಕೆ, ಮಾತ್ರೆಗಳಿಗೆ ಬರೋಣ. ಅಕ್ಷರಕ್ಕೆ ಸೇರುವ ಸ್ವರದ ಚಿಹ್ನೆಗೆ ಹಿಂದಿಯಲ್ಲಿ ಮಾತ್ರೆ ಅನ್ನುತ್ತಾರೆ.

ಕನ್ನಡದಲ್ಲಿ ಕಿ ಬರೆಯುವಾಗ ಗುಡಿಸು ಅಕ್ಷರದ ತಲೆಯ ಮೇಲೆ ಕೂರುತ್ತದೆ. ಕೀ ಬರೆಯುವಾಗ ಅದಕ್ಕೆ ದೀರ್ಘ ಸೇರುತ್ತದೆ, ಆ ದೀರ್ಘ ಅಕ್ಷರದ ಬಲಕ್ಕೆ ಬರುತ್ತದೆ. ಹಿಂದಿಯಲ್ಲಿ ಎರಡಕ್ಕೂ ಒಂದೊಂದು ನೆಟ್ಟಗಿನ ಗೆರೆ, ಮೇಲೆ ಒಂದು ಬಾಗು. ಉದ್ದದ್ದು, ಟೀಚರ್‌ಗಳು ಬಡೀ ಈ ಅನ್ನುವುದು, ಬಲಕ್ಕೆ ಬರುತ್ತದೆ. ಇದು ನಮ್ಮ ದೀರ್ಘದ ಜಾಗವೇ, ಮಕ್ಕಳಿಗೆ ಕಷ್ಟ ಆಗುವುದಿಲ್ಲ. ಚಿಕ್ಕದು, ಛೋಟೀ ಇ, ಎಡಕ್ಕೆ ಬರುತ್ತದೆ. ಬಾಯಲ್ಲಿ ಕ ಮೊದಲು, ಇ ಆಮೇಲೆ. ಕಾಗದದ ಮೇಲೆ ಇ ಮೊದಲು, ಕ ಆಮೇಲೆ. ಕನ್ನಡದ ಕಾಗುಣಿತದಲ್ಲಿ ಎಲ್ಲೂ ಹೀಗೆ ಇಲ್ಲ.

ಹಾಗಾಗಿ ಏನಾಗುತ್ತದೆ? ಕಿತಾಬ್ ಅಂತ ಉಕ್ತಲೇಖನ ಕೊಡುತ್ತೀರಿ. ಮಗು ಕ ಬರೆಯುತ್ತದೆ. ಈಗ ಇ ಹಾಕಬೇಕು. ಎಡಗಡೆ ಜಾಗ ಇಲ್ಲ, ಅಲ್ಲಿ ಹಾಳೆಯ ಅಂಚು ಅಥವಾ ಹಿಂದಿನ ಮಾತು ಇದೆ. ಪೆನ್ಸಿಲ್ ಬಲಕ್ಕೆ ಹೋಗುತ್ತದೆ. ಕೀ-ತಾ-ಬ ಆಯಿತು. ನೀವು ಒಂದು ಕ್ಲಾಸಿನ ಪುಸ್ತಕಗಳನ್ನು ಒಟ್ಟಿಗೆ ಇಟ್ಟುಕೊಂಡು ನೋಡಿದರೆ ಈ ತಪ್ಪು ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ ಇರುವುದು ಕಾಣುತ್ತದೆ: ಚಿಕ್ಕದು ಉದ್ದ ಆಗುತ್ತದೆ. ಅಂದರೆ ಮಗುವಿಗೆ ಇ, ಈ ವ್ಯತ್ಯಾಸ ಗೊತ್ತಿಲ್ಲ ಅಂತಲ್ಲ. ಕನ್ನಡದಲ್ಲಿ ಅದೇ ಮಗು ತಿನ್ನು, ತೀರ ಎರಡನ್ನೂ ಸರಿಯಾಗಿ ಬರೆಯುತ್ತದೆ. ಗೊತ್ತಿಲ್ಲದ್ದು ಗೆರೆಯನ್ನು ಯಾವಾಗ ಎಳೆಯಬೇಕು ಅನ್ನುವುದು.

ಇಲ್ಲಿ ಕಾಸರಗೋಡಿನ ಮಕ್ಕಳಿಗೆ ಒಂದು ಅನುಕೂಲ ಇದೆ, ಅದನ್ನು ನಾವು ಬಳಸಿಕೊಳ್ಳುವುದು ಕಮ್ಮಿ. ಮಲಯಾಳ ಓದಲು ಬರುವ ಮಗುವಿಗೆ ಎಡಗಡೆ ಚಿಹ್ನೆ ಹೊಸದಲ್ಲ. ಮಲಯಾಳದಲ್ಲಿ ಕೆ, ಕೇ, ಕೈ ಮೂರಕ್ಕೂ ಚಿಹ್ನೆ ಅಕ್ಷರದ ಎಡಕ್ಕೆ. ಬಸ್ಸಿನ ಮೇಲೆ ಕೇರಳ ಅಂತ ಮಲಯಾಳದಲ್ಲಿ ಬರೆದಿರುತ್ತಾರಲ್ಲ, ಅದರಲ್ಲಿ ಕಣ್ಣಿಗೆ ಮೊದಲು ಬೀಳುವುದು ಏ ಚಿಹ್ನೆ, ಆಮೇಲೆ ಕ. "ಕೇರಳ ಬರೆಯುವಾಗ ಮೊದಲು ಏನು ಬರೆಯುತ್ತೀ?" ಅಂತ ಕೇಳಿ. ಮಗುವೇ ಹೇಳುತ್ತದೆ. "ಹಿಂದಿಯ ಛೋಟೀ ಇ ಕೂಡ ಹಾಗೇ" ಅನ್ನಿ. ಒಂದೇ ಎಚ್ಚರಿಕೆ ಏನೆಂದರೆ, ಮಲಯಾಳದಲ್ಲಿ ಎಡಗಡೆಯ ಚಿಹ್ನೆ ಎಕಾರದ ಗುಂಪಿನದು, ಇಕಾರದ್ದಲ್ಲ. ಹಾಗಾಗಿ ಮೊದಲ ವಾರಗಳಲ್ಲಿ ಕಿತಾಬ್ ಅನ್ನು ಕೆತಾಬ್ ಅಂತ ಓದುವ ಮಗು ಸಿಕ್ಕಿದರೆ ಅದು ಎಲ್ಲಿಂದ ಬಂತು ಅಂತ ನಿಮಗೆ ಗೊತ್ತಿರಬೇಕು.

ಈಗ ಹಾಳೆ ಹೇಗಿರಬೇಕು? ಸಾಮಾನ್ಯವಾಗಿ ಸಿಗುವ ಹಾಳೆಗಳಲ್ಲಿ ಕ ದ ಎಡಕ್ಕೆ ಒಂದು ಚುಕ್ಕೆ ಗೆರೆ ಕೊಟ್ಟು ಮಾತ್ರೆ ಹಾಕಿ ಅನ್ನುತ್ತಾರೆ. ಜಾಗ ತೋರಿಸಿದ ಮೇಲೆ ಮಗುವಿಗೆ ಯೋಚಿಸಲು ಏನು ಉಳಿಯಿತು? ಅದು ಬರೀ ಗೆರೆ ಎಳೆಯುವ ಕೆಲಸ. ಮೊದಲ ದಿನಕ್ಕೆ ಅದು ಇರಲಿ. ಆಮೇಲೆ ಇ, ಈ ಮಾತ್ರೆಗಳನ್ನು ತೆಗೆದು ಉಳಿದ ಮಾತನ್ನು ಹಾಗೇ ಕೊಡಿ, ಪಕ್ಕದಲ್ಲಿ ಚಿತ್ರ ಹಾಕಿ, ಎದುರಿಗೆ ಉದ್ದ ಗೆರೆ ಬಿಟ್ಟು ಇಡೀ ಮಾತನ್ನು ಮತ್ತೆ ಬರೆಯಲು ಹೇಳಿ. ಹೀಗೆ:

```
कताब    __________
नारयल   __________
बारश    __________
नद      __________
पान     __________
```

ಪುಸ್ತಕದ ಚಿತ್ರ, ತೆಂಗಿನಕಾಯಿಯ ಚಿತ್ರ, ಮಳೆ, ಹೊಳೆ, ಒಂದು ಲೋಟ ನೀರು. ಬರಬೇಕಾದ ಉತ್ತರ ಕಿ-ತಾ-ಬ, ನಾ-ರಿ-ಯ-ಲ, ಬಾ-ರಿ-ಶ, ನ-ದೀ, ಪಾ-ನೀ. ಇಲ್ಲಿ ಮಗು ಮೂರು ವಿಷಯ ತೀರ್ಮಾನ ಮಾಡಬೇಕು. ಮಾತ್ರೆ ಯಾವ ಅಕ್ಷರಕ್ಕೆ, ಚಿಕ್ಕದೋ ಉದ್ದದ್ದೋ, ಎಡಕ್ಕೋ ಬಲಕ್ಕೋ. ಕೊನೆಯ ಸಾಲು ನೋಡಿ. ಮಾತ್ರೆ ತೆಗೆದ ಮೇಲೂ ಪಾನ್ ಅಂತ ಒಂದು ಮಾತು ಉಳಿಯಿತು, ವೀಳ್ಯದೆಲೆ. ಲೋಟದ ಚಿತ್ರ ಇಲ್ಲದಿದ್ದರೆ ಮಗು ಅದನ್ನು ಹಾಗೇ ನಕಲು ಮಾಡಿದರೂ ತಪ್ಪಲ್ಲ. ಇದೇ ಥರ ಪಿತಾ ಅಂದರೆ ಅಪ್ಪ, ಪೀತಾ ಅಂದರೆ ಕುಡಿಯುತ್ತಾನೆ. ಚಿತಾ ಅಂದರೆ ಚಿತೆ, ಚೀತಾ ಅಂದರೆ ಚಿರತೆಯಂಥ ಒಂದು ಪ್ರಾಣಿ. ಇವನ್ನು ಬಿಡಿಮಾತಾಗಿ ಕೊಡಬೇಡಿ, ವಾಕ್ಯದಲ್ಲಿ ಕೊಡಿ. "ಮೇರೇ _ ದೂಧ್ _ ಹೈಂ" ಅಂತ ಕೊಟ್ಟರೆ ಎಡಗಡೆ ಮಾತ್ರೆ, ಬಲಗಡೆ ಮಾತ್ರೆ ಎರಡೂ ಒಂದೇ ಸಾಲಿನಲ್ಲಿ ಬರುತ್ತವೆ. ಮೊದಲನೆಯದು ಪಿತಾ, ಎರಡನೆಯದು ಪೀತೇ, ಅಪ್ಪನಿಗೆ ಮರ್ಯಾದೆಯ ಬಹುವಚನ ಅಲ್ವಾ.

ನ-ದೀ ಬಗ್ಗೆ ಸ್ವಲ್ಪ ನಿಲ್ಲಬೇಕು. ಕನ್ನಡದಲ್ಲಿ ಅದು ನದಿ. ಕೊನೆಯಲ್ಲಿ ಚಿಕ್ಕ ಇ. ಹಿಂದಿಯಲ್ಲಿ ಉದ್ದ ಈ. ನಮ್ಮ ದೇವಿ ಅಲ್ಲಿ ದೇ-ವೀ, ನಮ್ಮ ರಾಣಿ ಅಲ್ಲಿ ರಾ-ನೀ, ನಮ್ಮ ಲಕ್ಷ್ಮಿ ಅಲ್ಲಿ ಲ-ಕ್ಷ್ಮೀ. ಸಂಸ್ಕೃತದಲ್ಲಿ ಈಕಾರದಲ್ಲಿ ಮುಗಿಯುವ ಇಂಥ ಮಾತುಗಳನ್ನು ಕನ್ನಡ ಚಿಕ್ಕದು ಮಾಡಿಕೊಂಡಿತು, ಹಿಂದಿ ಉದ್ದವಾಗಿಯೇ ಇಟ್ಟುಕೊಂಡಿತು. ಆದರೆ ಕವಿ, ಶಕ್ತಿ, ಭೂಮಿ ಇವು ಮೂಲದಲ್ಲೇ ಚಿಕ್ಕ ಇ, ಹಿಂದಿಯಲ್ಲೂ ಚಿಕ್ಕದೇ. ಮಾತಿನ ಕೊನೆಯಲ್ಲಿ ಬಂದಾಗ ಹಿಂದಿಯವರ ಬಾಯಲ್ಲಿ ಇ, ಈ ಎರಡೂ ಹೆಚ್ಚುಕಮ್ಮಿ ಒಂದೇ ಥರ ಕೇಳುತ್ತವೆ, ಹಾಗಾಗಿ ಕಿವಿಯೂ ಸಹಾಯಕ್ಕೆ ಬರುವುದಿಲ್ಲ. ಕನ್ನಡದಲ್ಲೂ ಹಿಂದಿಯಲ್ಲೂ ಇರುವ ಮಾತು ಸುಲಭ ಅಂತ ನಾವು ಹಾಳೆಯ ಮೊದಲಲ್ಲಿ ಹಾಕುತ್ತೇವೆ. ಕೊನೆಯ ಮಾತ್ರೆಯ ಮಟ್ಟಿಗೆ ನಮ್ಮ ಮಕ್ಕಳು ಎಡವುವುದು ಅಲ್ಲೇ. ಪಾನೀ, ಬಿಲ್ಲೀ, ಮಛಲೀ ಇಂಥ ಅಪ್ಪಟ ಹಿಂದಿ ಮಾತುಗಳಲ್ಲಿ ಕೊನೆಯದು ಹೆಚ್ಚಾಗಿ ಉದ್ದವೇ ಇರುತ್ತದೆ, ಅದನ್ನು ಒಮ್ಮೆ ಹೇಳಿಕೊಟ್ಟರೆ ಸಾಕು. ನದಿ, ದೇವಿ, ರಾಣಿಗಳಿಗೆ ಬೇರೆಯೇ ಒಂದು ಹಾಳೆ ಮಾಡಿ, ಅದರಲ್ಲಿ ನಡುವೆ ಕವಿ, ಭೂಮಿ ಸೇರಿಸಿ. ಎಲ್ಲವೂ ಉದ್ದ ಅಂತ ಕಣ್ಣು ಮುಚ್ಚಿ ತುಂಬುವುದು ತಪ್ಪುತ್ತದೆ.

ಎರಡನೇ ಜಾಗ ಇನ್ನೂ ಕಷ್ಟದ್ದು. ಇದು ಮಾತ್ರೆಯಲ್ಲ, ಕೇಳಿಸದೆ ಹೋಗುವ ಅಕಾರ.

ನಮ್ಮ ಅಡಿಕೆ ತೋಟಗಳಲ್ಲಿ, ಮನೆ ಕಟ್ಟುವ ಜಾಗಗಳಲ್ಲಿ ಈಗ ಉತ್ತರದ ಕಡೆಯ ಕೆಲಸದವರು ಇದ್ದಾರೆ. ಮಕ್ಕಳ ಕಿವಿಗೆ ಹಿಂದಿ ಬೀಳುತ್ತದೆ, ಒಳ್ಳೆಯದೇ. ಅವರ ಬಾಯಲ್ಲಿ ಹುಣಸೆಹುಳಿ ಇಮ್ಲೀ. ಮೀನು ಮಛ್ಲೀ. ಶುಂಠಿ ಅದ್ರಕ್. ಹುಡುಗ ಲಡ್ಕಾ. ಕನ್ನಡದ ಮಗು ಕೇಳಿದ್ದನ್ನು ಕೇಳಿದ ಹಾಗೆ ಬರೆಯುತ್ತದೆ, ಕನ್ನಡ ಕಲಿಸಿದ್ದೇ ಹಾಗೆ. ಮ ಅರ್ಧ ಮಾಡಿ ಅದಕ್ಕೆ ಲೀ ಅಂಟಿಸುತ್ತದೆ. ಹಿಂದಿಯಲ್ಲಿ ಬರೆಯುವುದು ಇ-ಮ-ಲೀ, ಮ-ಛ-ಲೀ, ಅ-ದ-ರ-ಕ, ಲ-ಡ-ಕಾ. ಅರ್ಧ ಅಕ್ಷರ ಎಲ್ಲೂ ಇಲ್ಲ. ಕಮಲ್ ಅಂತ ಕೇಳಿ ಕೊನೆಯ ಲ ದ ಕೆಳಗೆ ಹಲಂತ್, ಅಂದರೆ ಅಕಾರ ಇಲ್ಲ ಅಂತ ತೋರಿಸುವ ಗೆರೆ, ಎಳೆಯುವ ಮಕ್ಕಳೂ ಇದ್ದಾರೆ, ಆದರೆ ಆ ತಪ್ಪು ಬೇಗ ಹೋಗುತ್ತದೆ. ಕೊನೆಯ ಅಕಾರ ಸಾಮಾನ್ಯವಾಗಿ ಕೇಳಿಸುವುದಿಲ್ಲ, ಆದರೂ ಹಲಂತ್ ಬೇಡ ಅಂದರೆ ಮುಗಿಯಿತು. ನಡುವಿನದು ಹಾಗಲ್ಲ.

ಯಾಕೆ ಹಾಗೆ ಅಂತ ಮಗುವಿಗೆ ತೋರಿಸಲು ಸಡಕ್ ಒಳ್ಳೆಯ ಮಾತು. ಸ-ಡ-ಕ. ಒಂದು ರಸ್ತೆ ಇದ್ದಾಗ ಸಡಕ್, ಡ ದ ಅಕಾರ ಚೆನ್ನಾಗಿ ಕೇಳುತ್ತದೆ. ಹಲವು ರಸ್ತೆ ಆದಾಗ ಸಡ್ಕೇಂ. ಈಗ ಡ ದ ಅಕಾರ ಹೋಯಿತು. ಕ ಗೆ ಸ್ವರ ಬಂತು, ಅದರ ಹಿಂದಿನ ಅಕಾರ ಅಡಗಿತು. ಆದರೆ ಬರಹದಲ್ಲಿ ಸ-ಡ ಹಾಗೇ ಇದೆ, ಬದಲಾದದ್ದು ಕ ಮಾತ್ರ. ಮಗುವಿಗೆ ಇದು ಅರ್ಥವಾಗುತ್ತದೆ, ಯಾಕೆಂದರೆ ಕನ್ನಡದಲ್ಲೂ ನಾವು ಹುಡ್ಗ ಅನ್ನುತ್ತೇವೆ, ಹುಡುಗ ಅಂತ ಬರೆಯುತ್ತೇವೆ. ಕುದ್ರೆ ಅನ್ನುತ್ತೇವೆ, ಕುದುರೆ ಅಂತ ಬರೆಯುತ್ತೇವೆ.

ಇಷ್ಟರಲ್ಲಿ ಕೈ ಎತ್ತಿದವರ ಪ್ರಶ್ನೆ ನನಗೆ ಗೊತ್ತಿದೆ. ಹಾಗಾದರೆ ಅರಿಶಿನಕ್ಕೆ ಹಲ್ದೀ ಅನ್ನುತ್ತಾರಲ್ಲ, ಅದನ್ನು ಹ-ಲ-ದೀ ಅಂತ ಬರೆಯುವುದೇ? ಅಲ್ಲ. ಅಲ್ಲಿ ಲ ನಿಜವಾಗಿ ಅರ್ಧ. ಜಲ್ದೀ ಕೂಡ ಹಾಗೇ, ಶಾಲೆಯ ಚೀಲ ಬಸ್ತಾ ಕೂಡ. ಇಮ್ಲೀ ಮತ್ತು ಹಲ್ದೀ ಕಿವಿಗೆ ಒಂದೇ ಅಚ್ಚು, ಬರಹದಲ್ಲಿ ಬೇರೆ. ಬರಹ ನೋಡಿ ಹೇಗೆ ಓದಬೇಕು ಅನ್ನುವುದಕ್ಕೆ ನಿಯಮ ಇದೆ, ಆದರೆ ಕೇಳಿದ್ದನ್ನು ಹೇಗೆ ಬರೆಯಬೇಕು ಅನ್ನುವುದಕ್ಕೆ ಪೂರ್ತಿ ನಿಯಮ ಇಲ್ಲ. ಕಣ್ಣಿಗೆ ಅಭ್ಯಾಸ ಆಗಬೇಕು. ಆದ್ದರಿಂದ ಈ ಮಾತುಗಳನ್ನು ಮಗು ಪಾಠದಲ್ಲಿ ಓದಿದ ಮೇಲೆಯೇ ಹಾಳೆಗೆ ತನ್ನಿ. ಓದದ ಮಾತಿಗೆ ಈ ಥರದ ಖಾಲಿ ಜಾಗ ಕೊಟ್ಟರೆ ಮಗು ಬರೀ ಊಹೆ ಮಾಡುತ್ತದೆ.

ಆದರೂ ಒಂದು ಗುಂಪಿಗೆ ಗಟ್ಟಿ ನಿಯಮ ಇದೆ, ಅದು ಕ್ರಿಯಾಪದ. ಕರ್ನಾ, ಚಲ್ನಾ, ಲಿಖ್ನಾ ಅಂತ ಕೇಳುವುದೆಲ್ಲ ಕ-ರ-ನಾ, ಚ-ಲ-ನಾ, ಲಿ-ಖ-ನಾ. ಧಾತುವಿನ ಕೊನೆಯ ಅಕ್ಷರ ಅರ್ಧ ಆಗುವುದೇ ಇಲ್ಲ, ಅದಕ್ಕೆ ನಾ ಬಂದು ಸೇರುತ್ತದೆ ಅಷ್ಟೇ. ಇದರ ಒಳ್ಳೆಯ ಪರೀಕ್ಷೆ ಸುನ್ನಾ, ಅಂದರೆ ಕೇಳುವುದು. ಕಿವಿಗೆ ನ ಗೆ ನ ಒತ್ತು ಕೊಟ್ಟ ಹಾಗೇ ಇದೆ, ಬರೆಯುವುದು ಮಾತ್ರ ಸು-ನ-ನಾ. ಅದರ ಪಕ್ಕದಲ್ಲಿ ಕಬ್ಬು ಇಡಿ, ಗನ್ನಾ. ಅದು ಕ್ರಿಯಾಪದ ಅಲ್ಲ, ಅಲ್ಲಿ ಒತ್ತಕ್ಷರ ನಿಜವಾಗಿಯೂ ಇದೆ, ಗ-ನ್ನಾ. ಸುನನಾ, ಬನನಾ, ಗನ್ನಾ, ಪನ್ನಾ ನಾಲ್ಕನ್ನು ಕಲಸಿ ಕೊಟ್ಟು, ತುಂಬುವ ಮೊದಲು "ಇದು ಮಾಡುವ ಕೆಲಸವೋ, ವಸ್ತುವೋ" ಅಂತ ಕೇಳಿ. ಮಗು ಕಿವಿಯನ್ನು ಬಿಟ್ಟು ಅರ್ಥ ನೋಡಲು ಶುರು ಮಾಡುತ್ತದೆ.

ಹಾಳೆಯಲ್ಲಿ ಇದಕ್ಕೆ ಚೌಕ ಬೇಕು, ಗೆರೆ ಅಲ್ಲ. ಮೊದಲ ಅಕ್ಷರ, ಒಂದು ಚೌಕ, ಕೊನೆಯ ಅಕ್ಷರ. ಇ, ಚೌಕ, ಲೀ. ಹ, ಚೌಕ, ದೀ. ಚೌಕದ ಅಗಲ ಎಲ್ಲ ಮಾತಿಗೂ ಒಂದೇ ಇರಲಿ, ಇಲ್ಲದಿದ್ದರೆ ಸಣ್ಣ ಚೌಕ ಕಂಡ ಕೂಡಲೇ ಅರ್ಧ ಅಕ್ಷರ ಅಂತ ಮಕ್ಕಳು ಕಂಡುಹಿಡಿಯುತ್ತಾರೆ. ಮೆಣಸಿನ ಮಿರ್ಚ್ ಅನ್ನು ಈ ಹಾಳೆಗೆ ತರಬೇಡಿ. ಅದರಲ್ಲಿ ಅರ್ಧ ರ ಮುಂದಿನ ಅಕ್ಷರದ ತಲೆಯ ಮೇಲೆ ಹೋಗಿ ಕೂರುತ್ತದೆ, ಚೌಕದೊಳಗೆ ಬರೆಯಲು ಏನೂ ಇರುವುದಿಲ್ಲ. ಗರಮ್ ಮತ್ತು ಬರ್ತನ್ ಕೂಡ ಬೇಡ. ಗ-ರ-ಮ ಅಂತಲೂ ಬರೆಯುತ್ತಾರೆ, ಗ-ರ್ಮ ಅಂತಲೂ ಬರೆಯುತ್ತಾರೆ. ಬರ್ತನ್ ಕೂಡ ಎರಡೂ ಥರ ಚಾಲ್ತಿಯಲ್ಲಿದೆ. ಎರಡೂ ಸರಿ ಇರುವ ಜಾಗದಲ್ಲಿ ಮಗುವನ್ನು ಪರೀಕ್ಷೆ ಮಾಡುವುದು ನ್ಯಾಯ ಅಲ್ಲ.

ಹಾಳೆಯನ್ನು ಕಂಪ್ಯೂಟರಿನಲ್ಲೋ ಫೋನಿನಲ್ಲೋ ಟೈಪ್ ಮಾಡುವವರು ಇಲ್ಲಿ ಜಾಸ್ತಿ ಜನ ಇದ್ದೀರಿ, ಅದರ ಒಂದು ತೊಂದರೆ ಹೇಳಿಬಿಡುತ್ತೇನೆ. ಛೋಟೀ ಇ ಕಾಣುವುದು ಎಡಕ್ಕೆ, ಆದರೆ ಟೈಪ್ ಮಾಡುವುದು ಅಕ್ಷರದ ಆಮೇಲೆ. ಯೂನಿಕೋಡ್‌ನಲ್ಲಿ ಅದು ಬಾಯಲ್ಲಿ ಬರುವ ಕ್ರಮದಲ್ಲೇ ಇರುತ್ತದೆ, ಎಡಕ್ಕೆ ತಂದು ತೋರಿಸುವುದು ಫಾಂಟಿನ ಕೆಲಸ. ಅಕ್ಷರ ತೆಗೆದು ಮಾತ್ರೆ ಮಾತ್ರ ಉಳಿಸಬೇಕು ಅಂತ ಅಡಿಗೆರೆ ಹಾಕಿ ಮಾತ್ರೆ ಒತ್ತಿದರೆ ಅದಕ್ಕೆ ಅಂಟಿಕೊಳ್ಳಲು ಅಕ್ಷರ ಸಿಗುವುದಿಲ್ಲ:

```
क + ि = कि
_ + ि = _ि
```

ಎರಡನೇ ಸಾಲಿನಲ್ಲಿ ಹೆಚ್ಚಿನ ಫೋನ್‌ಗಳಲ್ಲಿ ಒಂದು ಚುಕ್ಕೆಗಳ ಉಂಗುರ ಕಾಣುತ್ತದೆ, ಮಾತ್ರೆ ಆ ಉಂಗುರಕ್ಕೆ ಅಂಟಿಕೊಂಡಿರುತ್ತದೆ, ನೀವು ಹಾಕಿದ ಅಡಿಗೆರೆ ಬೇರೆಯೇ ಉಳಿಯುತ್ತದೆ. ಫೈಲ್ ಹಾಳಾಯಿತು ಅಂತ ಹೆದರಬೇಡಿ. ಇಲ್ಲಿ ಅಕ್ಷರ ಬರಬೇಕಿತ್ತು ಅಂತ ಯಂತ್ರ ತೋರಿಸುವ ಗುರುತು ಅದು. ಅಡಿಗೆರೆಯನ್ನು ತೆಗೆದು ಆ ಉಂಗುರವನ್ನೇ ಖಾಲಿ ಜಾಗವಾಗಿ ಇಟ್ಟುಕೊಳ್ಳಬಹುದು, ಅಕ್ಷರದ ಗಾತ್ರವನ್ನು ದೊಡ್ಡದು ಮಾಡಿದರೆ ಮಗು ಅದರ ಮೇಲೆಯೇ ಬರೆಯುತ್ತದೆ. ಆದರೆ ಬೇರೆ ಫೋನಿನಲ್ಲಿ, ಫೋಟೋಕಾಪಿ ಅಂಗಡಿಯ ಕಂಪ್ಯೂಟರಿನಲ್ಲಿ ಅದು ಬೇರೆ ಥರ ಕಾಣಬಹುದು. ಪಿಡಿಎಫ್ ಮಾಡಿ ಕೊಡಿ. ಇಲ್ಲದಿದ್ದರೆ ಕೈಯಲ್ಲಿ ಬರೆದು ಕಾಪಿ ತೆಗೆಯಿರಿ, ಮಾತ್ರೆಯ ಹಾಳೆಗೆ ಕೈಬರಹವೇ ಎಷ್ಟೋ ಚೆನ್ನಾಗಿರುತ್ತದೆ.

ತಿದ್ದುವಾಗ ಒಂದನ್ನು ನೋಡಿ. ಮಗು ಕಿ-ತಾ-ಬ ಸರಿಯಾಗಿ ಬರೆದಿದೆ. ಆದರೆ ಎಡಗಡೆಯ ಗೆರೆ ಅಂಚಿಗೆ ಒತ್ತಿಕೊಂಡಿದೆಯೇ, ಅಥವಾ ನಾರಿಯಲ್ ಮಾತಿನಲ್ಲಿ ನಾ ಮತ್ತು ರ ನಡುವೆ ತುರುಕಿದ ಹಾಗಿದೆಯೇ? ಹಾಗಿದ್ದರೆ ಮಗು ಅಕ್ಷರ ಬರೆದು ಆಮೇಲೆ ನೆನಪಾಗಿ ಮಾತ್ರೆ ಹಾಕಿದೆ. ಉತ್ತರ ಸರಿ, ಕೈಯ ಕ್ರಮ ಇನ್ನೂ ಬಂದಿಲ್ಲ, ಉಕ್ತಲೇಖನದ ಅವಸರದಲ್ಲಿ ಮತ್ತೆ ಕೀ ಆಗುತ್ತದೆ. ಅಂಥ ಮಗುವಿಗೆ ಇನ್ನೊಂದು ಹಾಳೆ ಕೊಡುವುದು ಬೇಡ, ಪಕ್ಕದಲ್ಲಿ ಕೂತು ಬರೆಸಿ. ಮೊದಲು ನೆಟ್ಟಗಿನ ಗೆರೆ, ಆಮೇಲೆ ಅಕ್ಷರ, ಆಮೇಲೆ ತಲೆಯ ಮೇಲಿನ ಗೆರೆ ಮತ್ತು ಬಾಗು. ಅಕ್ಷರಕ್ಕೆ ಮೊದಲು ಗೆರೆ ಬೀಳುತ್ತಿದೆ ಅಂತ ಕಣ್ಣಾರೆ ಕಂಡ ಮೇಲೆ ನಿಲ್ಲಿಸಿ.

ಚಿತ್ರ ಬಿಡಿಸಲು ಬರದವರು, ಹಾಳೆ ಮಾಡಲು ಸಮಯ ಇಲ್ಲದ ಅಪ್ಪ ಅಮ್ಮಂದಿರು ಹತ್ತು ರೂಪಾಯಿಯ ನೋಟು ತೆಗೆಯಿರಿ. ಅದರ ಮೇಲೆ ಹಿಂದಿಯಲ್ಲಿ ರಿಸರ್ವ್ ಬ್ಯಾಂಕಿನ ಹೆಸರು ಇದೆ, ಭಾ-ರ-ತೀ-ಯ ರಿ-ಜ-ರ್ವ ಬೈಂ-ಕ. ತೀ ದಲ್ಲಿ ಗೆರೆ ಬಲಕ್ಕೆ, ರಿ ದಲ್ಲಿ ಗೆರೆ ಎಡಕ್ಕೆ. ಎರಡೂ ಒಂದೇ ಹೆಸರಿನಲ್ಲಿ ಇವೆ. ನೋಟು ತೋರಿಸಿ, ಓದಿಸಿ, ಮಡಚಿ ಇಟ್ಟು, ಮಾತ್ರೆ ಬಿಟ್ಟು ಬರೆದ ಹೆಸರನ್ನು ಕೊಟ್ಟು ತುಂಬಿಸಿ.

ಕೊನೆಗೆ ಒಬ್ಬರು ಟೀಚರ್ ಕೇಳಿದ ಪ್ರಶ್ನೆ ಚೆನ್ನಾಗಿತ್ತು, ಅದನ್ನು ಇಲ್ಲಿ ಸೇರಿಸುತ್ತೇನೆ. "ಸರ್, ಅದೇ ನೋಟಿನಲ್ಲಿ ರುಪಯೇ ಅಂತ ಇದೆಯಲ್ಲ, ಅದರ ಉ ಮಾತ್ರೆ ಕೆಳಗೆ ಇಲ್ಲ. ಕು, ಸು, ಮು ಕಲಿಸುವ ಹಾಳೆಯಲ್ಲಿ ಅದನ್ನೂ ಸೇರಿಸಬಹುದೇ?" ಸೇರಿಸಬೇಡಿ ಅಂದೆ. ಹಿಂದಿಯಲ್ಲಿ ಉ, ಊ ಮಾತ್ರೆಗಳು ಅಕ್ಷರದ ಕೆಳಗೆ ಬರುತ್ತವೆ, ರ ಗೆ ಮಾತ್ರ ಬಲಗಡೆ, ಹೊಟ್ಟೆಯ ಹತ್ತಿರ. ರು ದಲ್ಲಿ ಒಂದು ಸಣ್ಣ ಕೊಕ್ಕೆ, ರೂ ದಲ್ಲಿ ಆ ಕೊಕ್ಕೆಗೆ ಒಂದು ಬಾಲ. ಸಣ್ಣ ಅಕ್ಷರದ ಅಚ್ಚಿನಲ್ಲಿ ಎರಡನ್ನೂ ಬೇರೆ ಮಾಡುವುದು ದೊಡ್ಡವರಿಗೂ ಕಷ್ಟ. ಅದಕ್ಕೆ ಬೇರೆ ಹಾಳೆ, ದೊಡ್ಡ ಅಕ್ಷರ ಬೇಕು. ಅದರಲ್ಲೂ ಕನ್ನಡ ಅಡ್ಡ ಬರುತ್ತದೆ. ನಮ್ಮದು ರೂಪಾಯಿ, ಉದ್ದ. ಅವರದು ರು-ಪ-ಯಾ, ಚಿಕ್ಕದು. ನಮ್ಮ ಗುರು ಅಲ್ಲಿಯೂ ಗು-ರು. ಆದರೆ ನಮ್ಮ ಶುರು ಅಲ್ಲಿ ಶು-ರೂ, ಕೊನೆಯದು ಉದ್ದ. ಪೇರಳೆಗೆ ಅ-ಮ-ರೂ-ದ, ಕರವಸ್ತ್ರಕ್ಕೆ ರೂ-ಮಾ-ಲ. ಈ ಐದು ಮಾತು ಸಾಕು. ಎಲ್ಲದರಲ್ಲೂ ರ ವನ್ನು ಮಾತ್ರೆ ಇಲ್ಲದೆ ಅಚ್ಚು ಹಾಕಿ, ಬಲಕ್ಕೆ ಒಂದು ಬೆರಳಿನಷ್ಟು ಜಾಗ ಬಿಡಿ, ಮಗು ಕೊಕ್ಕೆಯನ್ನೋ ಬಾಲವನ್ನೋ ಅಲ್ಲಿ ಬರೆಯಲಿ.